ಶವರ್ ಲೈನು: ಮುಕ್ಕಾಲು ಇಂಚು ಹಾಕಿದ ಮೇಲೂ ಅರ್ಧ ಮೀಟರ್ ಎಲ್ಲಿ ಹೋಯ್ತು?

ಶವರಿನ ಒತ್ತಡ ಕದಿಯುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಅದೂ ಪೈಪಿನಲ್ಲಿ ಅಲ್ಲ. ಹೊಸ ಪೈಪಿನ ಜೊತೆಗೇ ನಾನೇ ದುಡ್ಡು ಕೊಟ್ಟು ತಂದ ವಾಲ್ವಿನಲ್ಲಿ.

ಪೈಪು ಕತ್ತರಿಸಿದ್ದು, ಸೊಲ್ಯೂಷನ್ ಹಚ್ಚಿದ್ದು, ಕ್ಲ್ಯಾಂಪ್ ಹೊಡೆದಿದ್ದು ಇದನ್ನೆಲ್ಲ ಬರೆಯಲ್ಲ, ನಿಮಗೆ ಗೊತ್ತಿರೋದೇ. ಹಳೇ ಲೈನಿನ ವಿವರ ಇಷ್ಟು. ಮೇಲಿನ ಟ್ಯಾಂಕಿನಿಂದ ಬಾತ್‌ರೂಮಿಗೆ ಅರ್ಧ ಇಂಚಿನ ಸಿಪಿವಿಸಿ, ಸುಮಾರು 12 ಮೀಟರ್. ಎಲ್ಬೋ, ಟೀ, ಸ್ಟಾಪ್ ಕಾಕ್ ಎಲ್ಲದರ ತಡೆಯನ್ನೂ ಪೈಪಿನ ಉದ್ದದ ಲೆಕ್ಕಕ್ಕೆ ತಂದರೆ 18 ಮೀಟರ್ ಅಂತ ಹಿಡಿದೆ. ಪಂಪ್ ಇಲ್ಲ. ತುಂಬಿದ ಟ್ಯಾಂಕಿನ ನೀರಿನ ಮಟ್ಟ ಬಾತ್‌ರೂಮಿನ ನೆಲದಿಂದ 5.1 ಮೀಟರ್, ಶವರ್ 2.1 ಮೀಟರ್ ಎತ್ತರದಲ್ಲಿ. ಅಂದರೆ ಕೈಯಲ್ಲಿರೋ ಒತ್ತಡ 3 ಮೀಟರ್ ನೀರಿನಷ್ಟು, ಸುಮಾರು 0.3 ಬಾರ್. ಇಷ್ಟು ಕಡಿಮೆ ಒತ್ತಡ ಇದ್ದಾಗ ಒಂದೊಂದು ಇಂಚಿಗೂ ಬೆಲೆ ಇದೆ.

ಶವರಿನಿಂದ ಬರುತ್ತಿದ್ದದ್ದು ನಿಮಿಷಕ್ಕೆ 6.2 ಲೀಟರ್. ಬಕೆಟ್ಟಿಗೆ 10 ಲೀಟರ್ ಗುರುತು ಹಾಕಿ, ತಣ್ಣೀರು ಮಾತ್ರ ಬಿಟ್ಟು ನೋಡಿದರೆ 97 ಸೆಕೆಂಡ್. ಸ್ನಾನ ಆಗುತ್ತೆ, ಆದರೆ ಯಾರಾದರೂ ಫ್ಲಶ್ ಮಾಡಿದರೆ ಮುಗೀತು. ಫ್ಲಶ್ ಟ್ಯಾಂಕ್ ತುಂಬುವವರೆಗೆ ಶವರ್ ಅರ್ಧಕ್ಕರ್ಧ ಇಳಿದು 3 ಲೀಟರ್ ಚಿಲ್ಲರೆಗೆ ಬರುತ್ತಿತ್ತು.

"ಮುಕ್ಕಾಲು ಇಂಚು ಎಳೀರಿ, ಎಲ್ಲಾ ಸರಿಹೋಗುತ್ತೆ" ಅಂತ ಎಲ್ಲರೂ ಹೇಳ್ತಾರೆ. ಎಷ್ಟು ಸರಿಹೋಗುತ್ತೆ ಅಂತ ಮಾತ್ರ ಯಾರೂ ಹೇಳಲ್ಲ. ಅದಕ್ಕೇ ಒಡೆಯುವ ಮುಂಚೆ ಅಳೆಯೋಣ ಅಂದುಕೊಂಡೆ.

ಅಳೆಯೋಕೆ ಗಾರೆ ಕೆಲಸದವರು ಮಟ್ಟ ನೋಡುವ ಲೆವೆಲ್ ಪೈಪು ಸಾಕು. ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರ್‌ಗೆ ಸ್ವಲ್ಪ ಮುಂಚೆ ಅದೇ ಲೈನಿನಿಂದ ಕವಲೊಡೆದ ಒಂದು ಆಂಗಲ್ ಕಾಕ್ ಇದೆ. ಅದಕ್ಕೆ ಪೈಪು ಸಿಕ್ಕಿಸಿ, ವೆಂಟಿಲೇಟರಿನಿಂದ ಹೊರಗೆ ತೆಗೆದು, ಗೋಡೆಗುಂಟ ಟ್ಯಾಂಕಿನ ಎತ್ತರದವರೆಗೆ ಕಟ್ಟಿದೆ. ಶವರ್ ಬಂದ್ ಇದ್ದಾಗ ಪೈಪಿನೊಳಗಿನ ನೀರು ಸರಿಯಾಗಿ ಟ್ಯಾಂಕಿನ ಮಟ್ಟಕ್ಕೆ ಬಂದು ನಿಲ್ಲುತ್ತೆ. ಶವರ್ ತಿರುಗಿಸಿದ ಕೂಡಲೇ ನೀರು ಸರ್ರನೆ ಇಳಿದು, ಒಂದೆರಡು ಸಲ ಮೇಲೆ ಕೆಳಗೆ ಓಲಾಡಿ, ಒಂದು ಕಡೆ ನಿಲ್ಲುತ್ತೆ. ಎಷ್ಟು ಇಳಿಯಿತೋ ಅಷ್ಟನ್ನು ಟ್ಯಾಂಕಿನಿಂದ ಅಲ್ಲಿಯವರೆಗಿನ ಲೈನು ತಿಂದುಹಾಕಿದೆ ಅಂತ ಅರ್ಥ. ಆಂಗಲ್ ಕಾಕ್ ನೆಲದ ಹತ್ತಿರ ಇದೆಯಲ್ಲ ಅಂತ ಲೆಕ್ಕ ತಿದ್ದಬೇಕಾಗಿಲ್ಲ, ನೋಡಬೇಕಾದ್ದು ನೀರಿನ ಮಟ್ಟ ಮಾತ್ರ. ಒಂದು ಎಚ್ಚರಿಕೆ: ಪೈಪಿನಲ್ಲಿ ಗಾಳಿ ಗುಳ್ಳೆ ಸಿಕ್ಕಿಕೊಂಡರೆ ಮಟ್ಟ ಸುಳ್ಳು ಹೇಳುತ್ತೆ. ಶವರ್ ಬಂದ್ ಇದ್ದಾಗ ಟ್ಯಾಂಕಿನ ಮಟ್ಟಕ್ಕೆ ಹೊಂದದಿದ್ದರೆ ಗುಳ್ಳೆ ಇದೆ ಅಂತಲೇ ತಿಳೀರಿ. ಪೈಪಿನ ತುದಿಯನ್ನು ಕೆಳಗಿಳಿಸಿ ಒಂದಷ್ಟು ನೀರು ಹೊರಗೆ ಹರಿಸಿ ಮತ್ತೆ ಕಟ್ಟಿ.

ಹಳೇ ಲೈನಿನಲ್ಲಿ ನೀರು 5.1ರಿಂದ 3.67ಕ್ಕೆ ಇಳಿಯಿತು. ಆಮೇಲೆ ಶವರಿನ ತೋಳಿಗೂ ತಲೆಗೂ ನಡುವೆ ಒಂದು ಟೀ ಹಾಕಿ ಅಲ್ಲೂ ನೋಡಿದೆ, 2.97. ಅಂದರೆ 3 ಮೀಟರಿನಲ್ಲಿ ಲೈನು ತಿಂದದ್ದು 1.43, ಡೈವರ್ಟರ್ ತಿಂದದ್ದು 0.7. ಶವರಿನ ತಲೆಗೆ ಉಳಿದದ್ದು 0.9 ಮೀಟರ್ ಕೂಡ ಇಲ್ಲ.

ಮುಕ್ಕಾಲು ಇಂಚಿನ ಮಿತಿ ಗೊತ್ತಾಗೋದು ಇಲ್ಲೇ. ಸಿಪಿವಿಸಿಯಲ್ಲಿ ಅರ್ಧ ಇಂಚಿನ ಒಳವ್ಯಾಸ ಸುಮಾರು 12.4 ಮಿಲಿಮೀಟರ್, ಮುಕ್ಕಾಲಿನದು 18. ಒಂದೂವರೆ ಪಟ್ಟೂ ಇಲ್ಲ. ಆದರೆ ಅಷ್ಟೇ ನೀರು ಹರಿದಾಗ ಆಗುವ ನಷ್ಟ ಆರನೇ ಒಂದು ಭಾಗಕ್ಕೆ ಇಳಿಯುತ್ತೆ. ನಿಮಿಷಕ್ಕೆ 6 ಲೀಟರ್ ಹರಿದರೆ ಅರ್ಧ ಇಂಚಿನ ಪೈಪು ಮೀಟರಿಗೆ 7.5 ಸೆಂಟಿಮೀಟರ್ ನುಂಗುತ್ತೆ, ಮುಕ್ಕಾಲು ಇಂಚಿನದು 1.2. ಕೇಳೋಕೆ ಭರ್ಜರಿ. ಆದರೆ ಆ ಉಳಿತಾಯ ಲೈನಿನ 1.43ರಲ್ಲಿ ಮಾತ್ರ. ಡೈವರ್ಟರಿಗೂ ಶವರಿಗೂ ನಿಮ್ಮ ಪೈಪು ದಪ್ಪವೋ ಸಣ್ಣವೋ ಅನ್ನೋದು ಬೇಕಾಗಿಲ್ಲ. ನೀರು ಜಾಸ್ತಿ ಬಂದಷ್ಟೂ ಅವು ಇನ್ನೂ ಜಾಸ್ತಿ ತಡೀತಾವೆ.

ಇದನ್ನೆಲ್ಲ ಪೈಪಿನಲ್ಲಾಗುವ ಒತ್ತಡದ ನಷ್ಟ ಲೆಕ್ಕ ಹಾಕುವ ಹೇಝನ್-ವಿಲಿಯಮ್ಸ್ ಸೂತ್ರಕ್ಕೆ ಹಾಕಿದೆ. ಶವರಿನವರೆಗೂ ಮುಕ್ಕಾಲು ಎಳೆದರೆ 7.9 ಲೀಟರ್. ಮುಖ್ಯ ಲೈನು ಮುಕ್ಕಾಲು ಮಾಡಿ, ಗೋಡೆಯೊಳಗಿನ ಕೊನೆಯ ಎರಡು ಮೀಟರ್ ಅರ್ಧ ಇಂಚೇ ಉಳಿಸಿದರೆ 7.7. ಬರೀ 0.2 ಲೀಟರಿಗೋಸ್ಕರ ಟೈಲ್ಸ್ ಒಡೆಯೋದಾ? ಡೈವರ್ಟರಿನ ಬಾಯಿಯೇ ಅರ್ಧ ಇಂಚು. ಕೊನೆಯ ತುಂಡನ್ನು ಮುಟ್ಟಲಿಲ್ಲ.

ಹೊಸ ಲೈನು ಹಾಕಿ ಮುಗಿಸಿ ಬಕೆಟ್ ಇಟ್ಟೆ. 7.7 ಬರಬೇಕು. ಬಂದದ್ದು 7.0. ಮತ್ತೆ ನೋಡಿದೆ, ಅದೇ.

ಸೊಲ್ಯೂಷನ್ ಜಾಸ್ತಿಯಾಗಿ ಒಳಗೆ ಉಂಗುರದ ಹಾಗೆ ಗಟ್ಟಿಯಾಗಿರಬಹುದು ಅಂತ ಮೊದಲ ಅನುಮಾನ. ಒಂದು ಜಾಯಿಂಟ್ ಕತ್ತರಿಸಿ ನೋಡಿದೆ, ಒಳಗೆ ನುಣ್ಣಗಿದೆ. ಶವರಿನ ಜಾಲರಿ ಬಿಚ್ಚಿ ತೊಳೆದೆ, ಏನೂ ಬದಲಾಗಲಿಲ್ಲ. ಕೊನೆಗೆ ಮತ್ತೆ ಲೆವೆಲ್ ಪೈಪೇ ಗತಿ. ಆಂಗಲ್ ಕಾಕಿನಲ್ಲಿ 4.14 ತೋರಿಸಿತು. 7 ಲೀಟರಿಗೆ ಲೆಕ್ಕದ ಪ್ರಕಾರ 4.65 ಇರಬೇಕಿತ್ತು. ಅರ್ಧ ಮೀಟರ್ ನಾಪತ್ತೆ, ಅದೂ ಆಂಗಲ್ ಕಾಕಿಗಿಂತ ಮೇಲೆ. ಹಾಗಾಗಿ ಡೈವರ್ಟರ್, ಶವರ್ ಎರಡೂ ಬಚಾವ್.

ಪುಣ್ಯಕ್ಕೆ ಹೊಸ ಲೈನಿನಲ್ಲಿ ಸ್ಟಾಪ್ ಕಾಕಿನ ಹಿಂದೊಂದು, ಮುಂದೊಂದು ಟೀ ಹಾಕಿ ಮುಚ್ಚಳ ಹಾಕಿಟ್ಟಿದ್ದೆ. (ಏನಕ್ಕೆ ಅಂತ ಕೊನೆಯಲ್ಲಿ ಹೇಳ್ತೀನಿ.) ಹಿಂದಿನ ಟೀಯಲ್ಲಿ ನೀರು ಹೆಚ್ಚುಕಮ್ಮಿ ಟ್ಯಾಂಕಿನ ಮಟ್ಟದಲ್ಲೇ ಇದೆ. ಮುಂದಿನ ಟೀಯಲ್ಲಿ ಅರ್ಧ ಮೀಟರಿಗೂ ಸ್ವಲ್ಪ ಜಾಸ್ತಿ ಕೆಳಗಿದೆ. ಎರಡರ ನಡುವೆ ಇರೋದು ಸ್ಟಾಪ್ ಕಾಕ್ ಒಂದೇ.

ಬಿಚ್ಚಿ ನೋಡಿದೆ. ಹೊರಗಿನ ಎರಡೂ ಬಾಯಿ ಮುಕ್ಕಾಲು ಇಂಚು, ಅದರಲ್ಲಿ ಮೋಸ ಇಲ್ಲ. ಒಳಗೆ ವಾಷರ್ ಕೂರುವ ಸೀಟಿನ ತೂತು ಮಾತ್ರ 9 ಮಿಲಿಮೀಟರ್. ಕಿರುಬೆರಳೂ ಒಳಗೆ ಹೋಗಲ್ಲ. ನೀರು ನೇರವಾಗಿ ಬಂದು, ಮೇಲಕ್ಕೆ ತಿರುಗಿ, ಆ ತೂತಿನಲ್ಲಿ ನುಗ್ಗಿ, ಮತ್ತೆ ತಿರುಗಿ ಹೋಗಬೇಕು. ಪಂಪ್ ಇರುವ ಲೈನಿನಲ್ಲಿ ಅರ್ಧ ಮೀಟರ್ ಹೋದರೆ ಯಾರಿಗೂ ಗೊತ್ತೇ ಆಗಲ್ಲ. ಇಲ್ಲಿ ಅದು ಇರುವುದರಲ್ಲಿ ಆರನೇ ಒಂದು ಭಾಗ. ಅಂಗಡಿಗೆ ತಗೊಂಡು ಹೋಗಿ ತೋರಿಸಿದರೆ, "ಮುಕ್ಕಾಲು ಕೇಳಿದ್ರಿ, ಮುಕ್ಕಾಲು ಕೊಟ್ಟಿದ್ದೀವಿ" ಅಂದರು. ಒಳಗಿನ ತೂತೂ ಪೈಪಿನಷ್ಟೇ ಅಗಲ ಇರುವ ಫುಲ್ ಬೋರ್ ಬಾಲ್ ವಾಲ್ವ್ ಕೇಳಿದ್ದಕ್ಕೆ ಮೊದಲು ಕೊಟ್ಟದ್ದು ಒಳಗಿನ ಚೆಂಡಿನ ತೂತು ಚಿಕ್ಕದಿದ್ದ ಮಾಲು. ಈಗ ನಾನು ವಾಲ್ವ್ ತೆರೆದು, ಬೆಳಕಿಗೆ ಹಿಡಿದು, ಇಕ್ಕಟ್ಟಿಲ್ಲದೆ ಆರಪಾರ ಕಂಡರೆ ಮಾತ್ರ ತಗೊಳ್ಳೋದು. ಅವರಿಗೆ ನನ್ನ ಮುಖ ಕಂಡರೇ ಸಿಟ್ಟು.

ಫುಲ್ ಬೋರ್ ಹಾಕಿದ ಮೇಲೆ ಆಂಗಲ್ ಕಾಕಿನಲ್ಲಿ 4.57, ಬಕೆಟ್ಟಿಗೆ 78 ಸೆಕೆಂಡ್. ನಿಮಿಷಕ್ಕೆ 7.7 ಲೀಟರ್!

ಇಷ್ಟೆಲ್ಲ ಮಾಡಿ ಸಿಕ್ಕಿದ್ದು ನೂರಕ್ಕೆ ಇಪ್ಪತ್ನಾಲ್ಕು ಜಾಸ್ತಿ ನೀರು. ಸುಮ್ನೆ ನಿಂತು ಸ್ನಾನ ಮಾಡುವವರಿಗೆ ಇದು ಅಷ್ಟೇನೂ ಗೊತ್ತಾಗಲ್ಲ. ಗೊತ್ತಾಗೋದು ಫ್ಲಶ್ ಮಾಡಿದಾಗ. ಹಂಚಿಕೊಂಡ ಲೈನಿನಲ್ಲಿ ನೀರು ಎರಡು ಪಟ್ಟಾದರೆ ನಷ್ಟ ಎರಡು ಪಟ್ಟಲ್ಲ, ಮೂರೂವರೆ ಪಟ್ಟು ದಾಟುತ್ತೆ. ಅರ್ಧ ಇಂಚಿನಲ್ಲಿ ಈ ಹೊಡೆತಕ್ಕೆ ಶವರ್ 6.2ರಿಂದ 3.2ಕ್ಕೆ ಬೀಳುತ್ತಿತ್ತು. ಈಗ 7.7ರಿಂದ 6.5ಕ್ಕೆ ಇಳಿಯುತ್ತೆ, ಅಷ್ಟೇ. ಫ್ಲಶ್ ಟ್ಯಾಂಕ್ ತುಂಬುತ್ತಿರುವಾಗಲೂ ಮೊದಲಿಗಿಂತ ಜಾಸ್ತಿ ನೀರು. ನನ್ನ ಪ್ರಕಾರ ಟ್ಯಾಂಕಿನ ಲೈನಿಗೆ ಮುಕ್ಕಾಲು ಹಾಕಬೇಕಾದ್ದು ಇದಕ್ಕೇ. ಒಂಟಿ ಶವರಿಗೆ, ಅದೂ ಪಂಪಿನಿಂದ 2 ಬಾರ್ ಬರುವ ಕಡೆ, ಅರ್ಧ ಇಂಚು ಧಾರಾಳ ಸಾಕು. ಅಲ್ಲಿ 20 ಮೀಟರಿನಲ್ಲಿ ಎರಡು ಮೂರು ಮೀಟರ್ ಹೋದರೆ ಏನಾಯ್ತು?

ಬಿಸಿನೀರಿನ ಲೈನನ್ನು ಮಾತ್ರ ಬೇಕಂತಲೇ ಅರ್ಧ ಇಂಚೇ ಬಿಟ್ಟಿದ್ದೇನೆ. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಕಾಲು ಲೀಟರ್ ಹಿಡಿಯುತ್ತೆ, ಅರ್ಧ ಇಂಚಿನದು ಅದರಲ್ಲಿ ಅರ್ಧ. ಗೀಸರ್ 10 ಮೀಟರ್ ದೂರ ಇದ್ದು ಬಿಸಿನೀರು ನಿಮಿಷಕ್ಕೆ 4 ಲೀಟರ್ ಹರಿದರೆ, ಅರ್ಧ ಇಂಚಿನಲ್ಲಿ 18 ಸೆಕೆಂಡ್ ಕಾಯಬೇಕು, ಮುಕ್ಕಾಲಿನಲ್ಲಿ ಹತ್ತಿರ ಹತ್ತಿರ 40. ಅಷ್ಟೂ ತಣ್ಣೀರು ಮೋರಿಗೆ. ನನ್ನ ಗೀಸರ್ ಶವರಿನ ಹತ್ತಿರವೇ ಇರೋದರಿಂದ ಅರ್ಧ ಇಂಚಿನ ನಷ್ಟವೂ ಕಮ್ಮಿ.

ಈಗ ಆ ಎರಡು ಟೀಗಳ ಕಥೆ. ಅವು ಮುಂದಿನ ಪ್ರಾಜೆಕ್ಟಿಗೆ. ದೊಡ್ಡ ತಟ್ಟೆಯಂಥ ಮಳೆ ಶವರ್ ಇರುತ್ತಲ್ಲ, ಅದಕ್ಕೆ ನಿಮಿಷಕ್ಕೆ 12 ಲೀಟರ್ ಕೊಡಬೇಕು ಅಂತ ಆಸೆ. ಅದಕ್ಕೆ ಬೇರೆಯೇ ಒಂದು ಲೈನು ಒಡೆಯೋಕೆ ಒಂದು ಟೀ, ಒತ್ತಡ ನೋಡೋಕೆ ಇನ್ನೊಂದು. ಟ್ಯಾಂಕಿಗೆ 60 ಸೆಂಟಿಮೀಟರಿನ ಸ್ಟ್ಯಾಂಡ್ ಕೊಟ್ಟರೆ ಹೇಗೆ ಅಂತಲೂ ಲೆಕ್ಕ ಹಾಕಿದೆ. 7.7 ಇದ್ದದ್ದು 8.4 ಆಗುತ್ತೆ. ಆದರೆ 1000 ಲೀಟರ್ ಟ್ಯಾಂಕ್ ತುಂಬಿದರೆ ಒಂದು ಟನ್ನಿಗೂ ಜಾಸ್ತಿ ತೂಕ. ಆ ಸ್ಟ್ಯಾಂಡನ್ನು ನಾನು ವೆಲ್ಡ್ ಮಾಡಿ ಅದರ ಕೆಳಗೆ ನಾನೇ ಸ್ನಾನ ಮಾಡೋದು, ಬೇಡಪ್ಪ.

ಮೊದಲು ಡೈವರ್ಟರನ್ನು ನೋಡಬೇಕು. ಲೈನು ಈಗ ತಿನ್ನೋದು ಅರ್ಧ ಮೀಟರ್, ಡೈವರ್ಟರ್ ಒಂದೇ 1.08 ಮೀಟರ್ ತಿನ್ನುತ್ತಿದೆ. 12 ಲೀಟರ್ ಹರಿಸಿದರೆ ಅದಕ್ಕೊಂದಕ್ಕೇ ಎರಡೂವರೆ ಮೀಟರ್ ಬೇಕು. ಕಾರ್ಟ್ರಿಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟಿದ್ದೇನೆ. ಒಳಗಿನ ತೂತುಗಳಿಗೆ ವರ್ನಿಯರ್ ಇಡಬೇಕು. ಈ ಅಳತೆಗೆ ಇದಕ್ಕಿಂತ ದೊಡ್ಡ ತೂತಿನ ಕಾರ್ಟ್ರಿಡ್ಜ್ ಯಾರಿಗಾದರೂ ಸಿಕ್ಕಿದ್ದರೆ ಹೇಳಿ, ಅಂಗಡಿಯವರನ್ನು ಕೇಳೋ ಧೈರ್ಯ ನನಗಿಲ್ಲ.