ಅಮ್ಮನ ಪಾಠಕ್ಕೆ ತಂದ ಮಾನಿಟರ್ ಮೂರು ಗಂಟೆ ಮಾತಾಡ್ಲಿಲ್ಲ

ಅಮ್ಮ ಎರಡು ವರ್ಷದಿಂದ ಆನ್‌ಲೈನಲ್ಲಿ ಸಂಗೀತ ಕಲೀತಿದಾರೆ. ಟೀಚರ್ ಇರೋದು ಮೈಸೂರಲ್ಲಿ, ನಾವಿರೋದು ಶಿವಮೊಗ್ಗದಲ್ಲಿ, ಶನಿವಾರ ಸಂಜೆ 5 ಗಂಟೆಗೆ ಕ್ಲಾಸು. ನನ್ನ ಹಳೇ ಲ್ಯಾಪ್‌ಟಾಪನ್ನೇ ಅವರಿಗೆ ಕೊಟ್ಟಿದ್ದೆ, ಆದ್ರೆ ಅದರ ಸ್ಪೀಕರ್ ಇರೋದು ಅಡಿಯಲ್ಲಿ, ಮೇಜಿನ ಮೇಲೆ ಬಟ್ಟೆ ಹಾಸಿದ್ರೆ ಸದ್ದು ಅಲ್ಲೇ ಹೂತುಹೋಗುತ್ತೆ. ಅಮ್ಮಂಗೆ ಎಡಗಿವಿ ಸ್ವಲ್ಪ ಮಂದ ಬೇರೆ. ಟೀಚರ್ ಹಾಡಿದ ಗಮಕ ಸರಿಯಾಗಿ ಕೇಳ್ದೆ, ಇವರು ಅಂದಾಜಲ್ಲಿ ಹಾಡಿ, ಅವರು ತಿದ್ದಿ, ಹೀಗೇ ನಡೀತಿತ್ತು. ಅದಕ್ಕೇ ಸ್ಪೀಕರ್ ಇರೋ ಮಾನಿಟರ್ ಬೇಕು ಅಂತ ಹುಡುಕಿ, ಯಾವುದೋ ಆಫೀಸಲ್ಲಿ ಬಳಸಿದ್ದ 24 ಇಂಚಿನ ಸೆಕೆಂಡ್ ಹ್ಯಾಂಡ್ ಮಾನಿಟರ್ ಒಂದನ್ನ ತಂದೆ. ತಗೊಳ್ಳೋ ಮುಂಚೆ ಹಿಂದೆ ತಿರುಗಿಸಿ ನೋಡಿದ್ದೆ, ಕೆಳಗಡೆ ಎರಡೂ ಬದಿ ಜಾಲರಿ ಥರ ಸಣ್ಣ ತೂತು ಇತ್ತು, ಲೇಬಲ್‌ನಲ್ಲಿ 2 ವ್ಯಾಟ್‌ನ ಎರಡು ಸ್ಪೀಕರ್ ಅಂತ ಇತ್ತು. ಇದನ್ನ ನೋಡೋದು ಮುಖ್ಯ, ಯಾಕಂದ್ರೆ ಎಷ್ಟೋ ಮಾನಿಟರಲ್ಲಿ ವಾಲ್ಯೂಮ್ ಮೆನು ಇರುತ್ತೆ, ಹಿಂದೆ ಹೆಡ್‌ಫೋನ್ ತೂತೂ ಇರುತ್ತೆ, ಆದ್ರೆ ಒಳಗೆ ಸ್ಪೀಕರೇ ಇರಲ್ಲ.

ಶನಿವಾರ ಮಧ್ಯಾಹ್ನ ಊಟ ಆದ್ಮೇಲೆ ಎಚ್‌ಡಿಎಂಐ ಕೇಬಲ್ ಹಾಕಿದೆ. ಚಿತ್ರ ತಕ್ಷಣ ಬಂತು. ಟೀಚರ್ ಕಳಿಸಿದ್ದ ಒಂದು ರೆಕಾರ್ಡಿಂಗ್ ಹಾಕಿದ್ರೆ ಸದ್ದು ಮಾತ್ರ ಲ್ಯಾಪ್‌ಟಾಪಿಂದಲೇ ಬರ್ತಿದೆ. ಮಾನಿಟರ್ ವಾಲ್ಯೂಮ್ 100 ಮಾಡ್ದೆ, ಏನೂ ಇಲ್ಲ. ಅಮ್ಮ ಹತ್ರ ಬಂದು ಕಿವಿ ಕೊಟ್ಟು, "ಚಿತ್ರ ಚೆನ್ನಾಗಿದೆ ಕಣೋ, ಧ್ವನಿ ಇದರಲ್ಲಿ ಬರ್ತಾನೇ ಇಲ್ವಲ್ಲ" ಅಂದ್ರು.

ಕೇಬಲ್ ಹಳೇದು, ಅದೇ ಕಾರಣ ಇರಬೇಕು ಅಂತ ಗಾಂಧಿ ಬಜಾರ್ ಕಡೆ ಹೋಗಿ ಹೊಸ ಕೇಬಲ್ ತಂದು ಹಾಕ್ದೆ, ಹಾಗೇ ಇತ್ತು. ಆಮೇಲೆ ಗೊತ್ತಾಗಿದ್ದು, ಎಚ್‌ಡಿಎಂಐನಲ್ಲಿ ಸದ್ದಿಗೆ ಅಂತ ಬೇರೆ ತಂತಿ ಇರಲ್ಲ, ಚಿತ್ರ ಹೋಗೋ ತಂತಿಯಲ್ಲೇ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಮಧ್ಯೆ, ಒಂದು ಸಾಲಿಗೂ ಇನ್ನೊಂದು ಸಾಲಿಗೂ ಮಧ್ಯೆ ಸಿಗೋ ಸಣ್ಣ ಸಣ್ಣ ಬಿಡುವಲ್ಲಿ ಸದ್ದಿನ ಡೇಟಾ ತುಂಬಿ ಕಳಿಸ್ತಾರೆ. ಚಿತ್ರ ಕಣ್ಣು ಮಿಟುಕಿಸದೆ ನಿಂತಿದೆ ಅಂದ್ರೆ ಕೇಬಲ್ ಬಹುಮಟ್ಟಿಗೆ ಸರಿ ಇದೆ ಅಂತಲೇ ಲೆಕ್ಕ.

ವಾಪಸ್ ಬಂದು ವಿಂಡೋಸ್ 11ರ ಕೆಳಗಿನ ಪಟ್ಟಿಯಲ್ಲಿ ಸ್ಪೀಕರ್ ಚಿಹ್ನೆ ಒತ್ತಿ, ವಾಲ್ಯೂಮ್ ಗೆರೆ ಪಕ್ಕದ ಬಾಣದ ಗುರುತು ಒತ್ತಿದ್ರೆ ಔಟ್‌ಪುಟ್‌ಗಳ ಪಟ್ಟಿ ಬಂತು. ಅದರಲ್ಲಿ ಒಂದು `Speakers (Realtek(R) Audio)`, ಅದು ಲ್ಯಾಪ್‌ಟಾಪಿಂದು. ಇನ್ನೊಂದರಲ್ಲಿ ಮಾನಿಟರ್ ಮಾಡೆಲ್ ನಂಬರ್, ಮುಂದೆ `Intel(R) Display Audio` ಅಂತ. ಅದನ್ನ ಆರಿಸ್ದೆ. ತಕ್ಷಣ ಲ್ಯಾಪ್‌ಟಾಪ್ ಸದ್ದೂ ನಿಂತುಹೋಯ್ತು, ಮಾನಿಟರಿಂದಲೂ ಇಲ್ಲ. ಮನೆಯೆಲ್ಲ ನಿಶ್ಶಬ್ದ. ಇದು ತಪ್ಪಾಯ್ತು, ಇದ್ದಿದ್ದೂ ಹೋಯ್ತು ಅಂದ್ಕೊಂಡು ಮತ್ತೆ `Realtek`ಗೆ ಹಾಕ್ದೆ. ಇಡೀ ಮಧ್ಯಾಹ್ನ ಹಾಳಾಗಿದ್ದು ಇಲ್ಲೇ. ಆಮೇಲೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡ್ದೆ, ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕ್ದೆ, ಮಾನಿಟರಿನ ಇನ್ನೊಂದು ಪೋರ್ಟ್‌ಗೆ ಚುಚ್ಚಿ ನೋಡ್ದೆ, ಪ್ರತಿ ಸಲನೂ ಔಟ್‌ಪುಟ್ ಬದಲಾಯಿಸೋದು, ಸದ್ದಿಲ್ಲ ಅಂತ ಹಿಂದಕ್ಕೆ ಹಾಕೋದು. ಗಂಟೆ ನಾಲ್ಕಾಗ್ತಾ ಬಂತು, ಅಮ್ಮ ಏನೂ ಹೇಳ್ದೆ ನೋಟ್‌ಬುಕ್ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ರು, ನಂಗೆ ಅದನ್ನ ನೋಡಿ ಇನ್ನೂ ಬೇಜಾರಾಯ್ತು.

ಆಗ ತೀರ್ಥಹಳ್ಳಿಲಿರೋ ದೊಡ್ಡಪ್ಪನ ಮಗನಿಗೆ ಫೋನ್ ಮಾಡ್ದೆ. ಅಣ್ಣ ಇಪ್ಪತ್ತು ವರ್ಷದಿಂದ ಮದುವೆಮನೆ, ಯಕ್ಷಗಾನ, ಊರಹಬ್ಬಕ್ಕೆಲ್ಲ ಮೈಕ್ ಸೆಟ್ ಹಾಕೋನು. ಕಂಪ್ಯೂಟರ್ ಬಗ್ಗೆ ಅಷ್ಟೇನೂ ಗೊತ್ತಿಲ್ಲ, ಸದ್ದಿನ ಬಗ್ಗೆ ಮಾತ್ರ ಅವನಿಗಿಂತ ಚೆನ್ನಾಗಿ ತಿಳಿದೋರನ್ನ ನಾನು ನೋಡಿಲ್ಲ. ಎಲ್ಲ ಕೇಳ್ಕೊಂಡು ಅವನು ಕೇಳಿದ್ದು ಒಂದೇ ಪ್ರಶ್ನೆ.

"ಮಾನಿಟರ್ ಹೆಸರು ಆರಿಸಿದಾಗ ಲ್ಯಾಪ್‌ಟಾಪ್ ಸದ್ದು ನಿಲ್ತಲ್ಲ, ಆ ಸದ್ದು ಎಲ್ಲಿಗೋಯ್ತು ಮಾರಾಯ?"

ನಾನು ಸುಮ್ನಾದೆ. ಅವನೇ ಹೇಳ್ದ. "ಅದು ತಂತಿ ಹತ್ತಿದೆ. ನೀನು ಮಾಡಿದ್ದು ಸರಿ, ಅದನ್ನ ವಾಪಸ್ ಯಾಕೆ ತಿರುಗಿಸ್ದೆ? ನಮ್ಮಲ್ಲಿ ಮೈಕಿಂದ ಹಾರ್ನ್‌ವರೆಗೆ ಸಿಗ್ನಲ್ ಎಲ್ಲಿವರೆಗೆ ಬಂದಿದೆ ಅಂತ ಒಂದೊಂದೇ ಜಾಗದಲ್ಲಿ ನೋಡ್ತಾ ಹೋಗ್ತೀವಿ. ಮಿಕ್ಸರಲ್ಲಿ ಲೈಟ್ ಕುಣೀತಿದೆ ಅಂದ್ರೆ ಮೈಕ್ ಮುಟ್ಟೋದೇ ಬೇಡ, ಮುಂದಕ್ಕೆ ಹೋಗ್ಬೇಕು. ನಿನ್ನ ಕಂಪ್ಯೂಟರಲ್ಲಿ ಆ ಥರ ಕುಣಿಯೋ ಲೈಟ್ ಎಲ್ಲೂ ಇಲ್ವಾ?"

ಇದೆ. ವಿಂಡೋಸ್ ಕೀ ಜೊತೆ R ಒತ್ತಿ ಇದನ್ನ ಟೈಪ್ ಮಾಡಿದ್ರೆ ಹಳೇ ಸೌಂಡ್ ಪೆಟ್ಟಿಗೆ ತೆರೆಯುತ್ತೆ:

```
mmsys.cpl
```

ಅದರ `Playback` ಪುಟದಲ್ಲಿ ಒಂದೊಂದು ಸ್ಪೀಕರ್ ಪಕ್ಕದಲ್ಲೂ ಉದ್ದಕ್ಕೆ ಒಂದು ಸಣ್ಣ ಮೀಟರ್ ಇರುತ್ತೆ, ಸದ್ದು ಆ ಕಡೆ ಹೋಗ್ತಿದ್ರೆ ಹಸಿರು ಪಟ್ಟಿ ಏರಿ ಇಳಿಯುತ್ತೆ. ಮಾನಿಟರ್ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ `Set as Default Device` ಕೊಟ್ಟು ರೆಕಾರ್ಡಿಂಗ್ ಹಾಕ್ದೆ. ಮಾನಿಟರ್ ಪಕ್ಕದ ಹಸಿರು ಪಟ್ಟಿ ಟೀಚರ್ ಸ್ವರಕ್ಕೆ ಸರಿಯಾಗಿ ಏರ್ತಾ ಇಳೀತಾ ಇತ್ತು! ಅಂದ್ರೆ ವಿಂಡೋಸ್ ತನ್ನ ಕೆಲಸ ಮಾಡಿ ಮುಗಿಸಿದೆ, ಡ್ರೈವರ್ ಪಡ್ರೈವರ್ ಎಲ್ಲ ಬಿಟ್ಟುಬಿಡಬಹುದು. ಅಣ್ಣನಿಗೆ ಹೇಳಿದ್ರೆ, "ಹಂಗಾದ್ರೆ ಕಂಪ್ಯೂಟರ್ ಬಿಡು, ಟಿವಿದು ಸೆಟ್ ಟಾಪ್ ಬಾಕ್ಸ್ ತಂದು ಅದೇ ಕೇಬಲ್ಲಿಗೆ ಹಾಕು" ಅಂದ. ಹಾಕ್ದೆ. ವಾರ್ತೆ ಓದೋರ ಬಾಯಿ ಆಡ್ತಿದೆ, ಸದ್ದಿಲ್ಲ. ಎರಡು ಬೇರೆ ಬೇರೆ ಯಂತ್ರ ಹಾಕಿದ್ರೂ ಹಾಗೇ ಆಗುತ್ತೆ ಅಂದ್ಮೇಲೆ ತಡೆ ಇರೋದು ಮಾನಿಟರ್ ಒಳಗೇ.

ಮಾನಿಟರ್ ಬಟನ್ ಒತ್ತಿ ಮೆನು ತೆಗೆದ್ರೆ ನಾನು ಅಲ್ಲೀತನಕ ನೋಡಿದ್ದು ವಾಲ್ಯೂಮ್ ಮಾತ್ರ. `Audio` ಒಳಗೆ ಇನ್ನೊಂದು ಸಾಲಿತ್ತು, `Audio Source`. ಅದರ ಮುಂದೆ `Audio In` ಅಂತ ಇತ್ತು. ಮಾನಿಟರ್ ಹಿಂದೆ ಹೆಡ್‌ಫೋನ್ ಪಿನ್ ಅಳತೆಯ ಇನ್ನೊಂದು ತೂತಿರುತ್ತಲ್ಲ, ಅದು. ಹಳೇ ವಿಜಿಎ ಕೇಬಲಲ್ಲಿ ಬರೀ ಚಿತ್ರ ಹೋಗೋದು, ಸದ್ದು ಹೋಗಲ್ಲ, ಅದಕ್ಕೇ ಕಂಪ್ಯೂಟರ್ ಆಡಿಯೋ ಪಿನ್ನಿಂದ ಮಾನಿಟರಿಗೆ ಇನ್ನೊಂದು ಸಣ್ಣ ವೈರ್ ಎಳೀಬೇಕಿತ್ತು. ಮುಂಚೆ ಬಳಸಿದ ಆಫೀಸಲ್ಲಿ ಹಾಗೇ ಜೋಡಿಸಿದ್ರು ಅನ್ಸುತ್ತೆ, ಸೆಟ್ಟಿಂಗ್ ಅಲ್ಲೇ ಉಳ್ಕೊಂಡಿದೆ, ಪವರ್ ತೆಗೆದ್ರೂ ಅದು ಮರೆಯಲ್ಲ. ಚಿತ್ರ ಎಚ್‌ಡಿಎಂಐನಿಂದ ತಗೊಳ್ತಿದ್ರೂ ಸದ್ದಿಗೆ ಮಾತ್ರ ಏನೂ ಸಿಕ್ಕಿಸದ ಆ ಖಾಲಿ ತೂತಿಗೇ ಕಿವಿ ಕೊಟ್ಟು ಕೂತಿತ್ತು. `HDMI` ಅಂತ ಬದಲಾಯಿಸ್ದೆ. ವಾಲ್ಯೂಮ್ 100ರಲ್ಲಿ ಇದ್ದಿದ್ದಕ್ಕೆ ಜಾಹೀರಾತೊಂದು ಜೋರಾಗಿ ಕಿರುಚಿ ಅಮ್ಮ ಬೆಚ್ಚಿಬಿದ್ರು, ಆಮೇಲೆ ನಕ್ರು.

ಯೋಚಿಸಿದ್ರೆ ವಿಷಯ ಇಷ್ಟೇ, ಸದ್ದಿನ ದಾರೀಲಿ ಎರಡು ಕಡೆ ಆಯ್ಕೆ ಇದೆ, ಕಂಪ್ಯೂಟರ್ ಎಲ್ಲಿಗೆ ಕಳಿಸಬೇಕು ಅನ್ನೋದು ಒಂದು, ಮಾನಿಟರ್ ಎಲ್ಲಿಂದ ತಗೋಬೇಕು ಅನ್ನೋದು ಇನ್ನೊಂದು, ಎರಡೂ ತಪ್ಪಾಗಿದ್ದಾಗ ಒಂದನ್ನ ಸರಿ ಮಾಡಿದ್ರೆ ಏನೂ ಬದಲಾಗಿಲ್ಲ ಅನ್ಸುತ್ತೆ, ಅದಕ್ಕೇ ನಾನು ಸರಿ ಮಾಡಿದ್ದನ್ನೇ ಮತ್ತೆ ಮತ್ತೆ ಕೆಡಿಸ್ತಾ ಇದ್ದೆ. ನಮ್ಮ ಪುಣ್ಯ, ಮಾನಿಟರ್ ಹೆಸರು ವಿಂಡೋಸ್ ಪಟ್ಟಿಯಲ್ಲಾದ್ರೂ ಇತ್ತು. ಕೇಬಲ್ ಹಾಕಿದ ತಕ್ಷಣ ಮಾನಿಟರ್ ತನ್ನ ಹೆಸರು, ತನಗೆ ಸದ್ದು ಕಳಿಸಬಹುದು ಅನ್ನೋದು, ಎರಡನ್ನೂ ಕಂಪ್ಯೂಟರಿಗೆ ತಿಳಿಸುತ್ತೆ, ಅದನ್ನ ನೋಡಿಯೇ ಆ ಹೆಸರು ಪಟ್ಟಿಗೆ ಬರೋದು. ಹೆಸರೇ ಇಲ್ಲ ಅಂದ್ರೆ ಕಥೆ ಬೇರೆ, ಆಗ `mmsys.cpl` ಪಟ್ಟಿಯ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ `Show Disabled Devices` ಕೊಟ್ಟು ಯಾರಾದ್ರೂ ಆಫ್ ಮಾಡಿಟ್ಟಿದಾರಾ ನೋಡ್ಬೇಕು, ಮಧ್ಯೆ ವಿಜಿಎ ಅಥವಾ ಡಿವಿಐ ಅಡಾಪ್ಟರ್ ಏನಾದ್ರೂ ಇದ್ಯಾ ನೋಡ್ಬೇಕು.

4:50ಕ್ಕೆ ಮತ್ತೆ ಲ್ಯಾಪ್‌ಟಾಪ್ ಜೋಡಿಸಿ ರೆಕಾರ್ಡಿಂಗ್ ಹಾಕಿದ್ರೆ ಮಾನಿಟರಿಂದ ತುಂಬಿದ ಧ್ವನಿ. ಆದ್ರೆ ಕ್ಲಾಸ್ ಶುರುವಾದಾಗ ಟೀಚರ್ ಮಾತು ಮತ್ತೆ ಲ್ಯಾಪ್‌ಟಾಪಿಂದಲೇ ಬಂತು. ಒಂದು ನಿಮಿಷ ಎದೆ ಧಸಕ್ ಅಂತು. ಮೀಟಿಂಗ್ ಆ್ಯಪ್‌ಗೆ ಅದರದ್ದೇ ಸ್ಪೀಕರ್ ಆಯ್ಕೆ ಇರುತ್ತೆ, ಅದರಲ್ಲಿ `Realtek` ಅಂತಲೇ ಹಿಡ್ಕೊಂಡಿತ್ತು. ಅಲ್ಲೂ ಮಾನಿಟರ್ ಹೆಸರು ಆರಿಸ್ದೆ. ಮೈಕ್ ಮಾತ್ರ ಲ್ಯಾಪ್‌ಟಾಪಿಂದೇ ಬಿಟ್ಟೆ, ಯಾಕಂದ್ರೆ ಈ ಮಾನಿಟರಲ್ಲಿ ಮೈಕ್ ಇಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಅಭ್ಯಾಸಕ್ಕೆ ಕೂತು, "ಮತ್ತೆ ಲ್ಯಾಪ್‌ಟಾಪಲ್ಲೇ ಬರ್ತಿದೆ ಕಣೋ" ಅಂತ ಕರೆದ್ರು. ನೋಡಿದ್ರೆ ರಾತ್ರಿ ಮಾನಿಟರ್ ಸ್ವಿಚ್ ತೆಗೆದಿದ್ರು, ಬೆಳಿಗ್ಗೆ ಅದನ್ನ ಹಾಕೋ ಮುಂಚೆನೇ ಲ್ಯಾಪ್‌ಟಾಪಲ್ಲಿ ರೆಕಾರ್ಡಿಂಗ್ ಶುರು ಮಾಡಿದ್ರು. ಮಾನಿಟರ್ ಕಾಣಿಸದೇ ಇದ್ದಾಗ ವಿಂಡೋಸ್ ಇರೋ ಸ್ಪೀಕರಿಗೇ ಸದ್ದು ಕಳಿಸುತ್ತೆ, ಅದರಲ್ಲೇನೂ ತಪ್ಪಿಲ್ಲ. ಮೊದಲು ಮಾನಿಟರ್ ಆನ್ ಮಾಡಿ, ಆಮೇಲೆ ಲ್ಯಾಪ್‌ಟಾಪ್ ತೆಗೀರಿ, ಸದ್ದು ಬರದಿದ್ರೆ ಸ್ಪೀಕರ್ ಚಿಹ್ನೆ, ಬಾಣ, ಮಾನಿಟರ್ ಹೆಸರು ಅಂತ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸ್ದೆ.

ಒಂದು ವಿಷಯ ಮಾತ್ರ ನಂಗೆ ಸರಿ ಮಾಡೋಕೆ ಆಗಿಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು ಮತ್ತೆ ರೆಕಾರ್ಡಿಂಗ್ ಹಾಕಿದ್ರೆ ಶುರುವಿನ ಅರ್ಧ ಸೆಕೆಂಡ್ ಸದ್ದು ನುಂಗಿಹೋಗುತ್ತೆ, ಎಚ್‌ಡಿಎಂಐ ಸದ್ದಿನ ದಾರಿ ಖಾಲಿ ಇದ್ದಾಗ ಮಲಗಿ, ಹೊಸ ಸದ್ದು ಬಂದ್ಮೇಲೆ ಎದ್ದೇಳೋದರಿಂದ ಹೀಗೆ. ಅಮ್ಮಂಗೆ ಮೊದಲ ಸ್ವರನೇ ಸಿಗ್ತಿರಲಿಲ್ಲ. ಟೀಚರಿಗೆ ಹೇಳಿದ್ವಿ, ಈಗ ಅವರು ಪ್ರತಿ ರೆಕಾರ್ಡಿಂಗಿನ ಮೊದಲಲ್ಲಿ ಎರಡು ಮೂರು ಸೆಕೆಂಡ್ ಬರೀ ಶ್ರುತಿ ಬಿಟ್ಟು ಆಮೇಲೆ ಹಾಡ್ತಾರೆ.