ಜೇನುತುಪ್ಪದ ಬಾಟಲಿ ಮತ್ತು ಉರಿಮೂತ್ರ

ಆ ದಿನ ಲ್ಯಾಬಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಜೇನುತುಪ್ಪದ ಹಳೇ ಬಾಟಲಿ ಇತ್ತು. ಹಿಂದಿನ ದಿನವೇ ಬಿಸಿನೀರಲ್ಲಿ ಮೂರು ಸಲ ತೊಳೆದು ಒಣಗಿಸಿಟ್ಟಿದ್ದೆ. ಬೆಳಿಗ್ಗೆ ಆರೂವರೆಗೆ ಎದ್ದ ತಕ್ಷಣ ಅದರಲ್ಲೇ ಮೂತ್ರ ಹಿಡಿದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟೆ. ಆಮೇಲೆ ತಿಂಡಿ, ಮಕ್ಕಳ ಡಬ್ಬಿ, ಬಸ್ಸು. ತಿಪಟೂರಿನ ಲ್ಯಾಬ್ ತಲುಪಿದಾಗ ಹತ್ತೂಕಾಲು. ಕೌಂಟರಿನಲ್ಲಿದ್ದ ಹುಡುಗಿ ಬಾಟಲಿಯನ್ನು ಮುಟ್ಟಲೂ ಇಲ್ಲ.

"ಮೇಡಂ, ಇದು ಕಲ್ಚರ್‌ಗೆ ಆಗಲ್ಲ."

ಕಲ್ಚರ್ ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ನನಗೆ ಸಿಟ್ಟು ಬಂತು. ಹದಿನೈದು ದಿನದಿಂದ ಅನುಭವಿಸಿದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂದ ಹಾಗಾಯಿತು.

ಶುರುವಾಗಿದ್ದು ಶಿವರಾತ್ರಿ ಆದ ಮೇಲಿನ ವಾರ. ನಾನು ಹೈಸ್ಕೂಲ್ ಮೇಷ್ಟ್ರು, ಅಂದರೆ ಮೇಡಂ. ನಮ್ಮ ಶಾಲೆಯಲ್ಲಿ ಟಾಯ್ಲೆಟ್ ಇದೆ, ಆದರೆ ಅದರ ಬಾಗಿಲ ಚಿಲಕ ಮುರಿದು ಎರಡು ವರ್ಷ. ಅಲ್ಲಿಗೆ ಹೋಗುವುದಕ್ಕಿಂತ ನೀರು ಕುಡಿಯದೆ ಇರುವುದೇ ಸುಲಭ ಅಂತ ನಾವು ನಾಲ್ಕು ಜನ ಹೆಂಗಸರೂ ಎಂದೋ ತೀರ್ಮಾನಿಸಿಬಿಟ್ಟಿದ್ದೆವು. ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಊಟದ ಜೊತೆ ಅರ್ಧ ಲೋಟ ನೀರು. ಸಂಜೆ ಐದೂವರೆಗೆ ಮನೆಗೆ ಬಂದು ಬಾತ್‌ರೂಮಿಗೆ ಓಡುವುದು.

ಒಂದು ಸೋಮವಾರ ಹಾಗೆ ಓಡಿದಾಗ ಉರಿ. ಕೊನೆಯ ಹನಿಗಳು ಬರುವಾಗ ಚೂರಿಯಲ್ಲಿ ಗೀರಿದ ಹಾಗೆ. ಹೊರಗೆ ಬಂದು ಐದು ನಿಮಿಷಕ್ಕೆ ಮತ್ತೆ ಅವಸರ, ಹೋದರೆ ನಾಲ್ಕು ಹನಿ. ರಾತ್ರಿ ಏಳು ಸಲ ಎದ್ದೆ. ಹೊಕ್ಕುಳ ಕೆಳಗೆ ಭಾರ. ಜ್ವರ ಇರಲಿಲ್ಲ.

"ಉಷ್ಣ ಆಗಿದೆ ಕಣೆ, ಬಾರ್ಲಿ ನೀರು ಕುಡಿ" ಅಂದರು ಅತ್ತೆ. ತೋಟದಿಂದ ಎಳನೀರೂ ಇಳಿಸಿದರು. ಎರಡು ದಿನ ಮೂರು ಲೀಟರ್ ಮೇಲೆ ನೀರು ಇಳಿಸಿದೆ. ಉರಿ ನಿಜಕ್ಕೂ ಕಡಿಮೆಯಾಯಿತು. ಕುಡಿದರೆ ಮೂತ್ರ ತೆಳುವಾಗುತ್ತದೆ, ಆಗಾಗ ಹೊರಗೆ ಹೋಗುತ್ತದೆ, ಅದರ ಜೊತೆ ಒಂದಿಷ್ಟು ಬ್ಯಾಕ್ಟೀರಿಯಾವೂ ತೊಳೆದು ಹೋಗುತ್ತದೆ. ಆದರೆ ಮೂತ್ರಕೋಶದ ಒಳಗೋಡೆಗೆ ಅಂಟಿಕೊಂಡದ್ದು ಹಾಗೆಲ್ಲ ಬಿಟ್ಟು ಹೋಗುವುದಿಲ್ಲ. ಹೆಚ್ಚಿನವರಲ್ಲಿ ಈ ಉರಿ ತರುವುದು ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ, ನಮ್ಮದೇ ಕರುಳಿನಲ್ಲಿ ಇರುವಂಥದ್ದು. ಹೆಂಗಸರ ಮೂತ್ರನಾಳ ಸುಮಾರು ನಾಲ್ಕು ಸೆಂಟಿಮೀಟರ್ ಮಾತ್ರ. ಗುದದ ಹತ್ತಿರದಿಂದ ಮೇಲೇರಲು ಅದಕ್ಕೆ ದೂರವೇ ಇಲ್ಲ. ಇದು ಉಷ್ಣವಲ್ಲ, ಸೋಂಕು ಅಂತ ನನಗೆ ಆಗ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಉಷ್ಣ ಅಂದುಕೊಂಡರೆ ಡಾಕ್ಟರ ಹತ್ತಿರ ಹೋಗಬೇಕಾಗಿಲ್ಲವಲ್ಲ.

ಮೂರನೇ ದಿನ ತಡೆಯಲಾಗದೆ ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿಯವರು ಏನೂ ಕೇಳದೆ ನಾರ್‌ಫ್ಲಾಕ್ಸಾಸಿನ್ ಆರು ಮಾತ್ರೆ, ಉರಿಗೆ ಒಂದು ಸಿರಪ್ ಕೊಟ್ಟರು. ಮೂರು ಮಾತ್ರೆ ನುಂಗುವಷ್ಟರಲ್ಲಿ ಆರಾಮಾಯಿತು. ಉಳಿದ ಮೂರನ್ನು ಡ್ರಾಯರಿನಲ್ಲಿ ಇಟ್ಟೆ, ಮುಂದೆ ಯಾವಾಗಲಾದರೂ ಬೇಕಾಗಬಹುದು ಅಂತ.

ಮುಂದೆ ಅಂದರೆ ಹತ್ತೇ ದಿನ. ಈ ಸಲ ಉರಿಯ ಜೊತೆ ಮೂತ್ರ ತಿಳಿ ಗುಲಾಬಿ ಬಣ್ಣ. ಹೆದರಿದೆ. ಸಂಜೆ ತಿಪಟೂರಿನ ಲೇಡಿ ಡಾಕ್ಟರ ಹತ್ತಿರ ಹೋದೆ.

ಅವರು ಮೊದಲು ಕೇಳಿದ್ದು ಉರಿಯ ಬಗ್ಗೆ ಅಲ್ಲ. ಚಳಿ ಜ್ವರ ಬಂತಾ? ವಾಂತಿ? ಪಕ್ಕೆ ನೋವು? ಬೆನ್ನಿನಲ್ಲಿ ಪಕ್ಕೆಲುಬು ಮುಗಿಯುವ ಕಡೆ ಎರಡೂ ಬದಿ ಮೆಲ್ಲಗೆ ಗುದ್ದಿ ನೋಡಿದರು. ಅಲ್ಲಿ ನೋವಿದ್ದರೆ ಸೋಂಕು ಕಿಡ್ನಿಗೆ ಏರಿರಬಹುದಂತೆ. ಆಮೇಲೆ ಮುಟ್ಟು ತಡವಾಗಿದೆಯಾ, ಬಿಳಿಸೆರಗು, ತುರಿಕೆ ಇದೆಯಾ ಅಂತ. ತುರಿಕೆ, ಬಿಳಿಸೆರಗು ಜಾಸ್ತಿ ಇದ್ದರೆ ಉರಿ ಮೂತ್ರಕೋಶದ್ದಲ್ಲ, ಯೋನಿಯ ಸೋಂಕಿನದ್ದೂ ಆಗಿರಬಹುದು. ಅದರ ಔಷಧಿ ಬೇರೆ. ಶುಗರ್ ಇದೆಯಾ, ಕಿಡ್ನಿ ತೊಂದರೆ ಇದೆಯಾ ಅಂತಲೂ ಕೇಳಿದರು.

ಮೂರು ಮಾತ್ರೆಯ ಕಥೆ ಹೇಳುವಾಗ ನನ್ನ ದನಿ ಇಳಿಯಿತು. ಪಾಠ ಓದದೆ ಬಂದ ಹುಡುಗರು ನನ್ನ ಮುಂದೆ ನಿಲ್ಲುತ್ತಾರಲ್ಲ, ಹಾಗೆ.

"ನೀವು ಮೊದಲನೇ ಸಲವೇ ಬಂದಿದ್ದರೆ ಕಲ್ಚರ್ ಮಾಡಿಸದೇನೇ ಮಾತ್ರೆ ಬರೆದುಕೊಡ್ತಿದ್ದೆ" ಅಂದರು. "ಆರೋಗ್ಯವಾಗಿರೋ ಹೆಂಗಸು, ಜ್ವರ ಇಲ್ಲ, ಲಕ್ಷಣ ಸ್ಪಷ್ಟವಾಗಿದೆ ಅಂದ್ರೆ ಅಷ್ಟು ಸಾಕು. ಈಗ ಹಾಗಲ್ಲ. ಮೂರು ಮಾತ್ರೆ ತಗೊಂಡಾಗಿದೆ, ಹತ್ತು ದಿನಕ್ಕೆ ವಾಪಸ್ ಬಂದಿದೆ. ಯಾವ ಬ್ಯಾಕ್ಟೀರಿಯಾ, ಯಾವುದಕ್ಕೆ ಸಾಯುತ್ತೆ ಅಂತ ನೋಡಲೇಬೇಕು." ಬಸುರಿಯರಿಗೆ, ಜ್ವರ ಅಥವಾ ಪಕ್ಕೆ ನೋವು ಇರುವವರಿಗೆ, ವರ್ಷಕ್ಕೆ ಮೂರು ಸಲ ಬರುವವರಿಗೆ ಮೊದಲೇ ಕಲ್ಚರ್ ಮಾಡಿಸುತ್ತಾರಂತೆ. ಹೊಸ ಮಾತ್ರೆಯ ಚೀಟಿ ಕೊಟ್ಟು ಅದರ ಮೇಲೆ ಪೆನ್ನಿನಿಂದ ಎರಡು ಸಲ ಗೆರೆ ಎಳೆದರು. "ಮೊದಲು ಸ್ಯಾಂಪಲ್, ಆಮೇಲೆ ಮಾತ್ರೆ. ಒಂದು ಮಾತ್ರೆ ಒಳಗೆ ಹೋದರೂ ಲ್ಯಾಬಲ್ಲಿ ಏನೂ ಬೆಳೆಯದೇ ಇರಬಹುದು."

ಸ್ಯಾಂಪಲ್ ಹೇಗೆ ಹಿಡಿಯಬೇಕು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅದಕ್ಕೇ ಜೇನುತುಪ್ಪದ ಬಾಟಲಿ.

ಲ್ಯಾಬಿನ ಹುಡುಗಿಗೆ ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸು. ನನ್ನ ಸಿಟ್ಟಿಗೆ ಅವಳು ಸಿಟ್ಟಾಗಲಿಲ್ಲ. "ಬಾಟಲಿ ನಿಮ್ಮ ಕಣ್ಣಿಗೆ ಕ್ಲೀನ್ ಮೇಡಂ, ಆದರೆ ಅದರಲ್ಲೂ ಬ್ಯಾಕ್ಟೀರಿಯಾ ಇರುತ್ತೆ. ನಾವು ಬೆಳೆಸೋದೇ ಅದನ್ನ. ಬಾಟಲಿಯದ್ದು ಯಾವುದು, ನಿಮ್ಮದು ಯಾವುದು ಅಂತ ಹೆಂಗೆ ಹೇಳೋದು? ಮೇಲಾಗಿ ಮೂರೂಮುಕ್ಕಾಲು ಗಂಟೆ ಹೊರಗೇ ಇತ್ತು. ಈ ಸೆಕೆಗೆ ಒಂದು ಇದ್ದದ್ದು ಸಾವಿರ ಆಗಿರುತ್ತೆ."

ಎರಡು ಗಂಟೆ ಒಳಗೆ ಲ್ಯಾಬಿಗೆ ಬರಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿ ಇಡಬೇಕು ಅಂದಳು. ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ? ಅತ್ತೆಯ ಮುಖ ನೆನಪಾಗಿ ಆ ಉರಿಯಲ್ಲೂ ನಗು ಬಂತು.

ಕೆಂಪು ಮುಚ್ಚಳದ ಸೀಲ್ ಮಾಡಿದ ಚಿಕ್ಕ ಡಬ್ಬಿ ಕೊಟ್ಟಳು. ಮೊದಲು ಕೈ ತೊಳೆಯಿರಿ. ಆ ಜಾಗವನ್ನು ಬರೀ ನೀರಿನಲ್ಲಿ, ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಡೆಟಾಲ್ ಗಿಟಾಲ್ ಬೇಡ, ಅದು ಡಬ್ಬಿಗೆ ಇಳಿದರೆ ಬ್ಯಾಕ್ಟೀರಿಯಾ ಸತ್ತು ರಿಪೋರ್ಟ್ ಸುಳ್ಳಾಗುತ್ತದೆ. ಒಂದು ಕೈಯಲ್ಲಿ ತುಟಿಗಳನ್ನು ಅಗಲಿಸಿ ಹಿಡಿದುಕೊಳ್ಳಿ. ಮೊದಲ ಧಾರೆ ಕೆಳಗೆ ಹೋಗಲಿ, ಅದು ಚರ್ಮದ ಮೇಲಿನದ್ದನ್ನೆಲ್ಲ ತೊಳೆದುಕೊಂಡು ಬರುತ್ತದೆ. ನಡುವಿನದ್ದನ್ನು ಅರ್ಧ ಡಬ್ಬಿ ಹಿಡಿಯಿರಿ. ಡಬ್ಬಿಯ ಅಂಚು ಮೈಗೆ ತಾಗಬಾರದು, ಮುಚ್ಚಳದ ಒಳಭಾಗ ಮುಟ್ಟಬಾರದು. ಬೇಗ ಬರಲಿ ಅಂತ ಲೀಟರ್‌ಗಟ್ಟಲೆ ನೀರು ಕುಡಿಯಲೂಬಾರದು, ತೆಳುವಾದರೆ ಲೆಕ್ಕ ತಪ್ಪುತ್ತದೆ. ಐದು ನಿಮಿಷಕ್ಕೊಮ್ಮೆ ಓಡುತ್ತಿದ್ದ ನನಗೆ ಆ ಮಾತು ಬೇಕಾಗಿರಲಿಲ್ಲ.

ಡಬ್ಬಿ ಕೊಟ್ಟು, ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು ಮೊದಲ ಮಾತ್ರೆ ನುಂಗಿದೆ. ನೈಟ್ರೋಫ್ಯುರಾಂಟಾಯಿನ್ 100 ಮಿಲಿಗ್ರಾಂ, ಬೆಳಿಗ್ಗೆ ರಾತ್ರಿ, ಐದು ದಿನ. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ವಾಕರಿಕೆ ಬರುತ್ತದೆ. ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು, ಹೆದರಬೇಡಿ ಅಂತಲೂ ಡಾಕ್ಟರು ಹೇಳಿದ್ದರು. ಮೆಡಿಕಲ್‌ನವರು ಕೊಟ್ಟ ಸಿರಪ್ ನಿಲ್ಲಿಸಲು ಹೇಳಿದರು. ಅದು ಮೂತ್ರದ ಹುಳಿ ಗುಣ ತಗ್ಗಿಸಿ ಉರಿ ಕಡಿಮೆ ಮಾಡುತ್ತದೆ ಅಷ್ಟೇ, ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ಈ ಮಾತ್ರೆ ಕೆಲಸ ಮಾಡುವುದಕ್ಕೆ ಆ ಹುಳಿಯೇ ಬೇಕು.

ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಈ ಔಷಧಿ ಮೂತ್ರದಲ್ಲಿ ಚೆನ್ನಾಗಿ ಸೇರುತ್ತದೆ, ಕಿಡ್ನಿಯ ಮಾಂಸದೊಳಗೆ ಸೇರುವುದಿಲ್ಲ. ಹಾಗಾಗಿ ಕೋರ್ಸ್ ನಡುವೆ ನಡುಗುವ ಚಳಿ ಜ್ವರ, ಪಕ್ಕೆ ನೋವು, ವಾಂತಿ ಏನೇ ಬಂದರೂ "ಐದು ದಿನ ಮುಗೀಲಿ ಅಂತ ಕಾಯಬೇಡಿ, ಅವತ್ತೇ ಬನ್ನಿ". ಆಗ ಬೇರೆಯದೇ ಮದ್ದು, ಕೆಲವೊಮ್ಮೆ ಇಂಜೆಕ್ಷನ್.

ಎರಡನೇ ದಿನಕ್ಕೆ ಉರಿ ಅರ್ಧವಾಯಿತು. ಮೂರನೇ ದಿನ ರಿಪೋರ್ಟ್ ಬಂತು. ಇ. ಕೋಲಿ, ಒಂದು ಮಿಲಿಲೀಟರ್‌ಗೆ ಒಂದು ಲಕ್ಷಕ್ಕಿಂತ ಜಾಸ್ತಿ. ಕೆಳಗೆ ಔಷಧಿಗಳ ಉದ್ದ ಪಟ್ಟಿ, ಪ್ರತಿಯೊಂದರ ಮುಂದೆ S ಅಥವಾ R. S ಅಂದರೆ ಆ ಔಷಧಿಗೆ ಬಗ್ಗುತ್ತದೆ, R ಅಂದರೆ ಬಗ್ಗುವುದಿಲ್ಲ. ನೈಟ್ರೋಫ್ಯುರಾಂಟಾಯಿನ್ S. ನಾನು ನುಂಗಿದ್ದ ನಾರ್‌ಫ್ಲಾಕ್ಸಾಸಿನ್ ಮುಂದೆ R. ಅದೇ ಗುಂಪಿನ ಸಿಪ್ರೋಫ್ಲಾಕ್ಸಾಸಿನ್ ಕೂಡ R.

ಹಾಗಾದರೆ ಆಗ ಆರಾಮಾಗಿದ್ದು ಹೇಗೆ? ಡಾಕ್ಟರನ್ನು ಕೇಳಿದೆ. "ನೀರು ಕುಡಿದಿದ್ದೀರಿ, ಸಿರಪ್ ಕುಡಿದಿದ್ದೀರಿ, ಮೈಯೂ ಸ್ವಲ್ಪ ಹೋರಾಡಿದೆ. ಉರಿ ಹೋಯ್ತು, ಸೋಂಕು ಹೋಗಲಿಲ್ಲ" ಅಂದರು. ಐದು ದಿನ ಮುಗಿದ ಮೇಲೆ ಮತ್ತೆ ಕಲ್ಚರ್ ಮಾಡಿಸಲಾ ಅಂದೆ. ಲಕ್ಷಣ ಪೂರ್ತಿ ಹೋಗಿದ್ದರೆ ಬೇಡ, ದುಡ್ಡು ದಂಡ ಅಂದರು. ಡ್ರಾಯರಿನ ಮೂರು ಮಾತ್ರೆಗಳನ್ನು ಎಸೆದೆ.

ನೀರಿನ ವಿಷಯಕ್ಕೂ ಅವರು ಒಂದು ಲೆಕ್ಕ ಕೊಟ್ಟರು. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುವ, ಪದೇ ಪದೇ ಈ ಸೋಂಕು ಬರುವ 140 ಹೆಂಗಸರ ಮೇಲೆ ಮಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಗಿದೆ. ಅರ್ಧದಷ್ಟು ಜನ ದಿನಾ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿದರು. ವರ್ಷದ ಕೊನೆಗೆ ಅವರಿಗೆ ಸೋಂಕು ಬಂದದ್ದು ಉಳಿದವರಿಗಿಂತ ಸುಮಾರು ಅರ್ಧದಷ್ಟು ಸಲ. ಅಂದರೆ ನೀರು ಮತ್ತೆ ಬರದ ಹಾಗೆ ತಡೆಯಲು ಒಳ್ಳೆಯದು, ಬಂದದ್ದನ್ನು ಓಡಿಸುವ ಔಷಧಿ ಅಲ್ಲ. ಈಗ ಬ್ಯಾಗಿನಲ್ಲಿ ಒಂದು ಲೀಟರಿನ ಬಾಟಲಿ ಇರುತ್ತದೆ. ಶಾಲೆಯ ಟಾಯ್ಲೆಟ್ ಚಿಲಕವನ್ನು ನಾವು ನಾಲ್ವರೇ ದುಡ್ಡು ಹಾಕಿ ಹಾಕಿಸಿದೆವು, ನೂರಾ ಇಪ್ಪತ್ತು ರೂಪಾಯಿ. ಎರಡು ವರ್ಷ ಯಾಕೆ ಕಾದೆವೋ!

ಇದೆಲ್ಲ ಆಗಿ ಎರಡು ತಿಂಗಳಿಗೆ ಅತ್ತೆ ತಾವೇ ಹೋಗಿ ಪೂರ್ತಿ ಚೆಕಪ್ ಮಾಡಿಸಿಕೊಂಡು ಬಂದರು. ನನ್ನ ಕಥೆ ಕೇಳಿ ಅವರಿಗೂ ಭಯ. ಅರವತ್ತೆಂಟು ವರ್ಷ, ಉರಿ ಇಲ್ಲ, ನೋವಿಲ್ಲ. ರಿಪೋರ್ಟಿನಲ್ಲಿ ಮಾತ್ರ ಮೂತ್ರದಲ್ಲಿ ಇ. ಕೋಲಿ, ಅದೇ ಒಂದು ಲಕ್ಷ. ಹಾಳೆ ಹಿಡಿದು ಅದೇ ಡಾಕ್ಟರ ಹತ್ತಿರ ಹೋದೆವು. ಅವರು ಓದಿ ಪಕ್ಕಕ್ಕಿಟ್ಟರು.

"ಅಮ್ಮಾ, ನಿಮಗೆ ಮಾತ್ರೆ ಬೇಡ."

ವಯಸ್ಸಾದ ಹೆಂಗಸರಲ್ಲಿ ಲಕ್ಷಣವೇ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಅದಕ್ಕೆ ಮಾತ್ರೆ ಕೊಟ್ಟರೆ ಲಾಭವಿಲ್ಲ, ನಾಳೆ ನಿಜವಾದ ಸೋಂಕು ಬಂದಾಗ ಪಟ್ಟಿಯಲ್ಲಿ R ಹೆಚ್ಚಾಗಿರುತ್ತದೆ ಅಷ್ಟೇ. ಬಸುರಿಯರಿಗೆ ಮತ್ತು ಮೂತ್ರನಾಳದ ಆಪರೇಷನ್ನಿಗೆ ಹೋಗುವವರಿಗೆ ಮಾತ್ರ ಲಕ್ಷಣವಿಲ್ಲದಿದ್ದರೂ ಕೊಡುತ್ತಾರೆ.

ಅತ್ತೆಗೆ ಸಮಾಧಾನವಾಗಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನನ್ನ ಕಿವಿಯ ಹತ್ತಿರ ಬಂದು ಅಂದರು: "ನಿಂಗೂ ಒಂದು ಲಕ್ಷ, ನಂಗೂ ಒಂದು ಲಕ್ಷ. ನಿಂಗೆ ಮಾತ್ರ ಮಾತ್ರೆ. ಬಾ, ಮನೆಗೆ ಹೋಗಿ ನಾನು ಬಾರ್ಲಿನೇ ಕಾಯಿಸ್ಕೋತೀನಿ."