ಹೋಲ್ಡ್ ಟ್ಯೂನ್ ಯಾವುದು ಅಂತ ಹುಡುಕಿದ ಎರಡು ವಾರ

ಜೂನ್ 7

ಅಡುಗೆಮನೆಯ ನೀರಿನ ಫಿಲ್ಟರ್ ಕೆಟ್ಟು ಮೂರು ದಿನ ಆಯಿತು. ಅಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಒಲೆ ಪಕ್ಕದಲ್ಲಿ ಇಟ್ಟಿದ್ದರು. ಇಪ್ಪತ್ತು ನಿಮಿಷ ಅದೇ ಟ್ಯೂನ್. ಪಿಯಾನೋ ಥರದ ದನಿ, ತುಂಬಾ ಸರಳ. ಎಲ್ಲೋ ಕೇಳಿದ್ದೇನೆ ಅನ್ನಿಸಿತು, ಎಲ್ಲಿ ಅಂತ ಗೊತ್ತಾಗಲಿಲ್ಲ. ಅಮ್ಮನನ್ನು ಕೇಳಿದೆ. "ನಂಗೂ ಕೇಳಿದ ಹಾಗೇ ಇದೆ ಕಣೋ" ಅಂದರು.

ನನ್ನ ಫೋನ್ ತಂದು ಪಕ್ಕದಲ್ಲಿಟ್ಟು 40 ಸೆಕೆಂಡ್ ರೆಕಾರ್ಡ್ ಮಾಡಿದೆ. ನಡುವೆ ಕುಕ್ಕರ್ ಕೂಗಿತು. ಆ ಸೀಟಿಯ ಕೆಳಗೆ ಟ್ಯೂನಿನ ಒಂದು ತುಂಡು ಪೂರ್ತಿ ಹೋಯಿತು.

ರಾತ್ರಿ ನೆನಪಿನಿಂದ ಬರೆದಿಟ್ಟ ಸ್ವರಗಳು: ಸ ರಿ ಗ ಮ ಪ, ಸ ಸ. ಆಮೇಲೆ ಅದೇ ಥರ ಮೇಲಕ್ಕೆ ಇನ್ನೊಂದು ಸಾಲು. ಅಷ್ಟೇ.

ಜೂನ್ 8

ಹಾಡು ಗುರುತಿಸುವ ಆ್ಯಪ್‌ಗೆ ಐದು ಸಲ ಕೇಳಿಸಿದೆ. ಏನೂ ಸಿಗಲಿಲ್ಲ. ಇದಕ್ಕೆ ಕಾರಣ ಇದೆ. ಇಂಥ ಹೆಚ್ಚಿನ ಆ್ಯಪ್‌ಗಳು ರಾಗವನ್ನು ಹುಡುಕುವುದಿಲ್ಲ, ಒಂದು ನಿರ್ದಿಷ್ಟ ರೆಕಾರ್ಡಿಂಗನ್ನು ಹುಡುಕುತ್ತವೆ. ಯಾವ ಕ್ಷಣದಲ್ಲಿ ಯಾವ ಕಂಪನಾಂಕ ಜೋರಾಗಿದೆ ಅನ್ನುವ ಚುಕ್ಕಿಗಳ ನಕ್ಷೆ ಮಾಡಿ, ತಮ್ಮ ಸಂಗ್ರಹದಲ್ಲಿರುವ ನಕ್ಷೆಗಳ ಜೊತೆ ಹೋಲಿಸುತ್ತವೆ. ಅದೇ ಟ್ಯೂನನ್ನು ಬೇರೆಯವರು ನುಡಿಸಿದ್ದರೆ, ಅಥವಾ ಅರ್ಧ ಸ್ವರ ಮೇಲೆ ಕೆಳಗೆ ಆಗಿದ್ದರೆ, ಚುಕ್ಕಿಗಳು ಕೂಡುವುದೇ ಇಲ್ಲ.

ಮೇಲಾಗಿ ಇದು ಫೋನ್ ಲೈನಿನಲ್ಲಿ ಬಂದ ಶಬ್ದ. ಮಾಮೂಲಿ ಫೋನ್ ಕರೆಯಲ್ಲಿ 300ರಿಂದ 3400 ಹರ್ಟ್ಜ್‌ವರೆಗೆ ಮಾತ್ರ ದಾಟುತ್ತದೆ. ಮೊಬೈಲಿನಲ್ಲಿ ಶಬ್ದವನ್ನು ಕುಗ್ಗಿಸುವ ಕೋಡೆಕ್ ಕೂಡ ಮನುಷ್ಯರ ಮಾತಿಗೆ ಅಂತ ಮಾಡಿದ್ದು. ಸಂಗೀತ ಬಂದರೆ ಅದಕ್ಕೆ ತಬ್ಬಿಬ್ಬು. ಅದಕ್ಕೇ ಹೋಲ್ಡ್ ಟ್ಯೂನ್ ನೀರಿನೊಳಗಿಂದ ಬಂದ ಹಾಗೆ ನಡುಗುತ್ತದೆ. ನಡುನಡುವೆ ಮಾಯವಾಗಿ, ತಾಳ ತಪ್ಪದೆ ಮುಂದಿನ ಸ್ವರದಲ್ಲಿ ಮತ್ತೆ ಬರುತ್ತದೆ. ಹಾಗೆ ತಾಳ ಉಳಿದು ಶಬ್ದ ಮಾತ್ರ ಹೋದರೆ, ಅದು ಲೈನಿನ ತೊಂದರೆ. ಟ್ಯೂನಿನಲ್ಲೇ ಇರುವ ವಿರಾಮ ಅಲ್ಲ.

ಜೂನ್ 9

ಫಿಲ್ಟರ್ ಇನ್ನೂ ಸರಿಯಾಗಿರಲಿಲ್ಲ, ಹಾಗಾಗಿ ಮತ್ತೆ ಕರೆ ಮಾಡಲೇಬೇಕಿತ್ತು. ಅಪ್ಪನ ಫೋನಿನಲ್ಲಿ ಕರೆ ರೆಕಾರ್ಡ್ ಮಾಡುವ ಸೌಲಭ್ಯ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಅದರಿಂದ ಮಾಡಿದೆ. ಒಂಬತ್ತು ನಿಮಿಷದ ಹೋಲ್ಡ್ ಸಿಕ್ಕಿತು. ಕುಕ್ಕರ್ ಇಲ್ಲ, ಫ್ಯಾನ್ ಇಲ್ಲ.

ಒಂದು ವಿಷಯ ತಕ್ಷಣ ಗೊತ್ತಾಯಿತು. ಪ್ರತಿ 30 ಸೆಕೆಂಡಿಗೆ ಒಂದು ಹೆಣ್ಣುದನಿ ಬಂದು "ದಯವಿಟ್ಟು ಕಾಯಿರಿ" ಅನ್ನುತ್ತದೆ. ಆಮೇಲೆ ಟ್ಯೂನ್ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದ ಶುರುವಾಗುತ್ತದೆ. ಅಂದರೆ ಎಷ್ಟು ಹೊತ್ತು ಕಾದರೂ ಸಿಗುವುದು ಮೊದಲ 30 ಸೆಕೆಂಡ್ ಮಾತ್ರ. ಆದರೆ ಅದೇ 30 ಸೆಕೆಂಡ್ ಹದಿನೈದು ಸಲಕ್ಕಿಂತ ಜಾಸ್ತಿ ಸಿಗುತ್ತದೆ. ಒಂದು ಸುತ್ತಿನಲ್ಲಿ ಮಾಯವಾದ ಸ್ವರ ಇನ್ನೊಂದರಲ್ಲಿ ಉಳಿದಿರುತ್ತದೆ.

ಎಲ್ಲಕ್ಕಿಂತ ಚೆನ್ನಾಗಿದ್ದ ಸುತ್ತನ್ನು ಕತ್ತರಿಸಿಕೊಂಡೆ:

```
ffmpeg -ss 184 -t 30 -i hold.m4a -ac 1 -ar 8000 hold.wav
```

ಸೆಕೆಂಡಿಗೆ 8000 ಮಾದರಿ ಸಾಕು. ಲೈನಿನಲ್ಲಿ 3400ರ ಮೇಲೆ ಏನೂ ಇಲ್ಲದ ಮೇಲೆ ಫೈಲ್ ದೊಡ್ಡದಾಗಿಟ್ಟು ಪ್ರಯೋಜನ ಇಲ್ಲ.

ಜೂನ್ 11

ಇವತ್ತು ಒಂದೊಂದೇ ಸ್ವರ ಅಳೆದೆ. Audacityಯಲ್ಲಿ ಒಂದು ಸ್ವರದ ಉದ್ದವನ್ನು ಆರಿಸಿ Plot Spectrum ತೆರೆದರೆ, ಯಾವ ಕಂಪನಾಂಕದಲ್ಲಿ ಶಿಖರ ಇದೆ ಅಂತ ತೋರಿಸುತ್ತದೆ. ಸೈಜ್ 2048 ಇಟ್ಟೆ. 8000 ದರದಲ್ಲಿ ಅದು ಸುಮಾರು ಕಾಲು ಸೆಕೆಂಡ್. ಈ ಟ್ಯೂನಿನ ಚಿಕ್ಕ ಸ್ವರವೂ ಅಷ್ಟೇ ಉದ್ದ. ಮೊದಲು 4096 ಇಟ್ಟು ನೋಡಿದ್ದೆ. ಆಗ ಅಕ್ಕಪಕ್ಕದ ಎರಡು ಸ್ವರ ಒಂದೇ ಚಿತ್ರದಲ್ಲಿ ಬೆರೆತು, ಯಾವುದು ಯಾವುದು ಅಂತ ತಿಳಿಯದೆ ಒಂದು ಗಂಟೆ ಹೋಯಿತು.

ಇನ್ನೊಂದು ಗೊಂದಲವೂ ಆಯಿತು. ಮೊದಲ ಸ್ವರದಲ್ಲಿ 622 ಮತ್ತು 415, ಎರಡೂ ಶಿಖರ ಕಾಣಿಸಿದವು. ಎರಡು ಸ್ವರ ಒಟ್ಟಿಗಾ? ಕಿವಿಗೆ ಒಂದೇ ಕೇಳುತ್ತಿತ್ತು. ಆಮೇಲೆ ಹೊಳೆಯಿತು. ಎಡಗೈ ನುಡಿಸುವ ಕೆಳಗಿನ ಸ್ವರ ಸುಮಾರು 208 ಹರ್ಟ್ಜ್. ಅದು 300ಕ್ಕಿಂತ ಕಡಿಮೆ, ಲೈನಿನಲ್ಲಿ ಬರುವುದಿಲ್ಲ. ಆದರೆ ಅದರ ಎರಡರಷ್ಟು, ಅಂದರೆ 415, ಬಂದೇ ಬರುತ್ತದೆ. ಎಡಗೈ ಇಲ್ಲ ಅನ್ನಿಸಿದರೂ ಅದರ ನೆರಳು ಇದೆ. ಹಾಗಾಗಿ ಜೋರಾದ ಶಿಖರ ಯಾವುದು ಅಂತ ನೋಡುವುದನ್ನು ಬಿಟ್ಟು, ಆ ಕ್ಷಣದಲ್ಲಿ ಹೊಸದಾಗಿ ಎದ್ದ ಶಿಖರ ಯಾವುದು ಅಂತ ನೋಡತೊಡಗಿದೆ. ಆಮೇಲೆ ಕೆಲಸ ಸಲೀಸಾಯಿತು.

ಸಿಕ್ಕಿದ್ದು: 622, ಆಮೇಲೆ 415, 466, 523, 554, ಮತ್ತೆ 622, ಕೊನೆಗೆ 415 ಎರಡು ಸಲ. ಎರಡನೇ ಸಾಲು: 698, ಆಮೇಲೆ 554, 622, 698, 784, 831, ಕೊನೆಗೆ ಮತ್ತೆ 415 ಎರಡು ಸಲ.

622ನ್ನು 415ರಿಂದ ಭಾಗಿಸಿದರೆ ಒಂದೂವರೆ. ಅದು ಪ ಮತ್ತು ಸ ನಡುವಿನ ಅಂತರ! ಅಂದರೆ ಟ್ಯೂನ್ ಶುರುವಾಗುವುದು ಸದಿಂದ ಅಲ್ಲ, ಪದಿಂದ. ನಾನು ನೆನಪಿಟ್ಟುಕೊಂಡಿದ್ದರಲ್ಲಿ ಮೊದಲ ಸ್ವರವೇ ಬಿಟ್ಟುಹೋಗಿತ್ತು. ಎರಡನೇ ಸಾಲು ಪದಿಂದ ಶುರು ಅಂತ ಗುನುಗುತ್ತಿದ್ದೆ, ಅದು ದ. ಸರಿಯಾದದ್ದು ಹೀಗೆ:

ಪ, ಸ ರಿ ಗ ಮ, ಪ ಸ ಸ
ದ, ಮ ಪ ದ ನಿ, ಮೇಲಿನ ಸ, ಕೆಳಗಿನ ಸ ಸ

ಜೂನ್ 14

ಮಲ್ಲೇಶ್ವರಕ್ಕೆ ಹೋಗಿ ಅತ್ತೆಗೆ ಕೇಳಿಸಿದೆ. ಅವರು ಮೂವತ್ತು ವರ್ಷದಿಂದ ಸಂಗೀತ ಪಾಠ ಹೇಳುತ್ತಿದ್ದಾರೆ. ಕಣ್ಣು ಮುಚ್ಚಿ ಎರಡು ಸಲ ಕೇಳಿ, ತೊಡೆ ಮೇಲೆ ತಾಳ ಹಾಕಿದರು.

"ಸ್ವರ ಎಲ್ಲಾ ಶಂಕರಾಭರಣದ್ದೇ ಕಣೋ. ಆದ್ರೆ ಗಮಕ ಒಂದೂ ಇಲ್ಲ, ನೇರ ನೇರ ಹೋಗುತ್ತೆ. ಎಣಿಸು ನೋಡು, ಮೂರು ಮೂರು."

ದೀಕ್ಷಿತರ ನೊಟ್ಟುಸ್ವರ ಇರಬಹುದಾ ಅಂತ ಅವರಿಗೆ ಅನುಮಾನ ಬಂತು. ಒಳ್ಳೆಯ ಅನುಮಾನವೇ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡ್ ಟ್ಯೂನುಗಳಿಗೆ ಸಂಸ್ಕೃತ ಸಾಹಿತ್ಯ ಬರೆದದ್ದು ಇದೇ ಶಂಕರಾಭರಣದ ಸ್ವರಗಳಲ್ಲಿ. ಅತ್ತೆ ತಮಗೆ ಗೊತ್ತಿದ್ದ ನೊಟ್ಟುಸ್ವರಗಳನ್ನೆಲ್ಲ ಒಂದೊಂದಾಗಿ ಹಾಡಿ ನೋಡಿದರು. ಯಾವುದೂ ಕೂಡಲಿಲ್ಲ. ಆದರೆ ಮಧ್ಯಾಹ್ನವೆಲ್ಲ ಅವರ ಹಾಡು ಕೇಳುವ ಭಾಗ್ಯ ನನ್ನದಾಯಿತು.

"ಮೂರು ಮೂರು" ಅನ್ನುವುದನ್ನು ಮನೆಗೆ ಬಂದು ಅಳೆದೆ. ಮೊದಲ ಪ ಅರ್ಧ ಸೆಕೆಂಡ್. ಸರಿಗಮ ಒಂದೊಂದೂ ಕಾಲು ಸೆಕೆಂಡ್. ಆಮೇಲಿನ ಪ ಸ ಸ ಅರ್ಧರ್ಧ. ಒಟ್ಟು ಮೂರು ಸೆಕೆಂಡ್, ಅಂದರೆ ಅರ್ಧ ಸೆಕೆಂಡಿನ ಆರು ಏಟು. ಅತ್ತೆ ಹೇಳಿದ್ದು ಸರಿ.

ಜೂನ್ 15

ಇವತ್ತು ಹುಡುಕಿದ್ದು ಪಾರ್ಸನ್ಸ್ ಕೋಡ್ ಬಳಸಿ. ಡೆನಿಸ್ ಪಾರ್ಸನ್ಸ್ ಅನ್ನುವವರು 1975ರಲ್ಲಿ ಪ್ರಕಟಿಸಿದ ವಿಧಾನ ಇದು. ಸ್ವರ ಯಾವುದು ಅಂತ ಹೇಳಬೇಕಿಲ್ಲ. ಹಿಂದಿನ ಸ್ವರಕ್ಕಿಂತ ಮೇಲೆ ಹೋದರೆ U, ಕೆಳಗೆ ಹೋದರೆ D, ಅದೇ ಆದರೆ R. ಮೊದಲ ಸ್ವರಕ್ಕೆ ಒಂದು ನಕ್ಷತ್ರ. ಶ್ರುತಿ ಯಾವುದಾದರೂ ಕೋಡ್ ಬದಲಾಗುವುದಿಲ್ಲ. ನನ್ನ ಕೇಸಿಗೆ ಹೇಳಿ ಮಾಡಿಸಿದ ಹಾಗಿತ್ತು.

ಮೊದಲ ದಿನದ ನೆನಪಿನ ಕೋಡ್ ಮತ್ತು ಅಳೆದ ಮೇಲಿನ ಕೋಡ್:

```
*UUUUDR
*DUUUUDRUDUUUUDR
```

ಮೊದಲನೆಯದನ್ನು ಟ್ಯೂನ್ ಹುಡುಕುವ ಜಾಲತಾಣ ಮ್ಯೂಸಿಪೀಡಿಯಾಕ್ಕೆ ಕೊಟ್ಟರೆ ಪುಟಗಟ್ಟಲೆ ಬಂತು. ನಾಲ್ಕು ಸಲ ಮೇಲೆ ಹೋಗಿ ಇಳಿಯುವ ಟ್ಯೂನ್ ಎಷ್ಟಿಲ್ಲ ಹೇಳಿ? ಎರಡನೆಯದನ್ನು ಕೊಟ್ಟೆ. ಮೇಲಿನ ಸಾಲುಗಳಲ್ಲೇ ಒಂದು ಹೆಸರು ಬಂತು: ಜಿ ಮೇಜರ್ ಮಿನುಯೆಟ್, ಜರ್ಮನ್ ಸಂಗೀತಕಾರ ಬಾಖ್ ಅವರ ಕೃತಿಗಳ ಪಟ್ಟಿಯ ಅನುಬಂಧದಲ್ಲಿ 114ನೇ ಸಂಖ್ಯೆ. ಪಿಯಾನೋ ಕಲಿಯುವ ಮಕ್ಕಳಿಗೆ ಶುರುವಿನಲ್ಲೇ ಕೊಡುವ ಪಾಠ. ಪಕ್ಕದ ಮನೆಯ ಹುಡುಗಿ ಕೀಬೋರ್ಡಿನಲ್ಲಿ ತಿಂಗಳುಗಟ್ಟಲೆ ನುಡಿಸಿದ್ದು ಇದನ್ನೇ. ಅಮ್ಮನಿಗೂ ನನಗೂ ಕೇಳಿದ ಹಾಗೆ ಅನ್ನಿಸಿದ್ದು ಅದಕ್ಕೇ!

ಜಿ ಮೇಜರ್‌ನಲ್ಲಿ ಮೊದಲ ಸ್ವರ 587 ಹರ್ಟ್ಜ್ ಇರಬೇಕು. ನನ್ನದು 622. ಎಲ್ಲಾ ಸ್ವರಗಳೂ ಅದೇ ಪ್ರಮಾಣದಲ್ಲಿ, ಸರಿಯಾಗಿ ಅರ್ಧ ಸ್ವರ ಮೇಲೆ ಇವೆ.

ಆದರೆ ಇಲ್ಲಿಗೇ ಮುಗಿಸುವ ಹಾಗಿರಲಿಲ್ಲ. ಇದೇ ಟ್ಯೂನಿನ ಮೇಲೆ 1965ರಲ್ಲಿ ದಿ ಟಾಯ್ಸ್ ಅನ್ನುವ ಅಮೆರಿಕದ ಗುಂಪು ಒಂದು ಪಾಪ್ ಹಾಡು ಹಾಡಿತ್ತು. ಹೋಲ್ಡಿನಲ್ಲಿ ಇರುವುದು ಅದರ ವಾದ್ಯದ ಆವೃತ್ತಿ ಯಾಕಿರಬಾರದು? ಏರಿಳಿತದ ಕೋಡ್ ಇವೆರಡನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ತಾಳ ತೋರಿಸುತ್ತದೆ. ಪಾಪ್ ಹಾಡು ನಾಲ್ಕರ ಲೆಕ್ಕದಲ್ಲಿದೆ, ಮಿನುಯೆಟ್ ಮೂರರಲ್ಲಿ. ನನ್ನ ಅಳತೆ ಆರು ಏಟು. ಅತ್ತೆ ತೊಡೆ ಮೇಲೆ ಹಾಕಿದ ತಾಳ ಈ ಪ್ರಶ್ನೆಗೆ ನಿನ್ನೆಯೇ ಉತ್ತರ ಕೊಟ್ಟಿತ್ತು.

ಜೂನ್ 18

ಇನ್ನೊಂದು ಪರೀಕ್ಷೆ ಮಾಡಲೇಬೇಕು ಅನ್ನಿಸಿತು. ಇಲ್ಲಿಯವರೆಗೆ ಹೋಲಿಸಿದ್ದು ಮೊದಲ ಎರಡು ಸಾಲು ಮಾತ್ರ. ಅದರಿಂದಲೇ ಸಿಕ್ಕಿದ ಉತ್ತರವನ್ನು ಅದರಿಂದಲೇ ಪರೀಕ್ಷಿಸಿದರೆ ಪರೀಕ್ಷೆ ಆಗಲ್ಲ, ಅಲ್ವಾ? ನಾನು ಇನ್ನೂ ಅಳೆಯದ ಜಾಗ ಬೇಕಿತ್ತು.

ಸ್ವರಲಿಪಿ ತೆಗೆದು ನೋಡಿದೆ. ಮಿನುಯೆಟ್‌ನಲ್ಲಿ 32 ಆವರ್ತ, 16 ಮತ್ತು 16. ಎರಡನೇ ಭಾಗದ ನಾಲ್ಕನೇ ಆವರ್ತದಲ್ಲಿ ಮಧ್ಯಮ ಬದಲಾಗುತ್ತದೆ. ಶುದ್ಧ ಮಧ್ಯಮದ ಜಾಗದಲ್ಲಿ ಪ್ರತಿ ಮಧ್ಯಮ ಬರುತ್ತದೆ. ನನ್ನ ರೆಕಾರ್ಡಿಂಗಿನಲ್ಲಿ ಶುದ್ಧ ಮಧ್ಯಮ 554. ಪ್ರತಿ ಮಧ್ಯಮ ಆದರೆ 587 ಇರಬೇಕು.

ಅಲ್ಲಿಯವರೆಗೆ ರೆಕಾರ್ಡಿಂಗ್ ಹೋಗುತ್ತದಾ? ಒಂದು ಆವರ್ತ ಒಂದೂವರೆ ಸೆಕೆಂಡ್. ಹದಿನಾರಕ್ಕೆ 24 ಸೆಕೆಂಡ್. ಮೊದಲ ಭಾಗವನ್ನು ಎರಡು ಸಲ ನುಡಿಸಿದ್ದರೆ ಆಸೆ ಬಿಡಬೇಕಿತ್ತು. ಅದೃಷ್ಟಕ್ಕೆ ಒಂದೇ ಸಲ. ನಾಲ್ಕನೇ ಆವರ್ತ 28.5ನೇ ಸೆಕೆಂಡಿಗೆ ಶುರು, 30ಕ್ಕೆ ಆ ಹೆಣ್ಣುದನಿ. ಆ ಜಾಗವನ್ನು ಹಿಗ್ಗಿಸಿ, ಮೊದಲ ಸ್ವರವನ್ನು ಆರಿಸಿ, Plot Spectrum ತೆರೆದೆ. ಶಿಖರ 587ರಲ್ಲಿ. 554ರಲ್ಲಿ ಏನೂ ಇಲ್ಲ. ಇನ್ನೂ ನಾಲ್ಕು ಸುತ್ತುಗಳಲ್ಲಿ ಅದೇ ಜಾಗ ನೋಡಿದೆ. ಮೂರರಲ್ಲಿ ಸಿಕ್ಕಿತು, ಒಂದರಲ್ಲಿ ಲೈನ್ ಆ ಸ್ವರವನ್ನೇ ನುಂಗಿತ್ತು.

ಅತ್ತೆಗೆ ಫೋನ್ ಮಾಡಿ ಹೇಳಿದೆ. "ಮಧ್ಯಮ ಬದಲಾಯ್ತಾ? ಆ ತುಂಡು ಕಳಿಸು, ಈಗಲೇ ಕೇಳ್ಬೇಕು" ಅಂದರು.

ಜೂನ್ 20

ಬರೆದವರು ಯಾರು ಅನ್ನುವುದನ್ನು ಸರಿಯಾಗಿ ದಾಖಲಿಸಬೇಕು. ಬಾಖ್ ತಮ್ಮ ಹೆಂಡತಿ ಆನಾ ಮಗ್ದಲೇನಾಗೆ ಅಂತ ಇಟ್ಟ 1725ರ ಪುಸ್ತಕದಲ್ಲಿ ಈ ಮಿನುಯೆಟ್ ಇದೆ. ಅಲ್ಲಿ ಇದಕ್ಕೆ ಕರ್ತೃವಿನ ಹೆಸರಿಲ್ಲ. ಹಾಗಾಗಿ ಬಹಳ ಕಾಲ ಬಾಖ್‌ದೇ ಅಂದುಕೊಂಡಿದ್ದರು. 1970ರ ದಶಕದಲ್ಲಿ ಇದು ಡ್ರೆಸ್ಡೆನ್‌ನ ಆರ್ಗನ್ ವಾದಕ ಕ್ರಿಸ್ಟಿಯಾನ್ ಪೆಟ್ಜೋಲ್ಡ್ ಅವರ ಕೃತಿ ಅಂತ ಗೊತ್ತಾಯಿತು. ನನ್ನ ಫೈಲಿಗೆ ಅವರ ಹೆಸರೇ ಇಟ್ಟಿದ್ದೇನೆ.

ಉಳಿದದ್ದು ಒಂದೇ. ಟ್ಯೂನ್ ಗೊತ್ತಾಯಿತು, ರೆಕಾರ್ಡಿಂಗ್ ಯಾವುದು ಅಂತ ಗೊತ್ತಾಗಿಲ್ಲ. ಸ್ವರಗಳ ಉದ್ದ ಒಂದೂ ಹೆಚ್ಚುಕಡಿಮೆ ಆಗುವುದಿಲ್ಲ, ಜೋರು ಮೆಲ್ಲಗೆ ಇಲ್ಲ. ಕೈಯಲ್ಲಿ ನುಡಿಸಿದ್ದಲ್ಲ, ಕಂಪ್ಯೂಟರಿನಲ್ಲಿ ಜೋಡಿಸಿದ್ದು ಅನ್ನಿಸುತ್ತದೆ. ಅರ್ಧ ಸ್ವರ ಮೇಲೆ ಇರುವುದನ್ನು ಇಳಿಸಿ ಆ್ಯಪ್‌ಗೆ ಮತ್ತೆ ಕೇಳಿಸಿದೆ, ಸಿಗಲಿಲ್ಲ. 3400ರ ಮೇಲಿನದೆಲ್ಲ ಕತ್ತರಿಸಿ ಹೋಗಿರುವ ಫೈಲಿನಿಂದ ಇದಕ್ಕಿಂತ ಜಾಸ್ತಿ ಬರುವುದಿಲ್ಲ.

ಫಿಲ್ಟರ್ ರಿಪೇರಿಯವರು ಇವತ್ತು ಮಧ್ಯಾಹ್ನ ಬಂದಿದ್ದರು. ಕ್ಯಾಂಡಲ್ ಬದಲಾಯಿಸಿ ಹೋದರು.